ಗೇಟಿನ ಬಣ್ಣ ಹೋಗೋದು ಎಲ್ಲೆಂದರಲ್ಲಿ ಅಲ್ಲ

ಬೆಳಿಗ್ಗೆಯಿಂದ ತಲೆ ಕೆಟ್ಟಿದೆ, ಬರೆದೇ ಬಿಡ್ತೀನಿ. ಬ್ಲೆಂಡರ್ ಅನ್ನೋ 3D ಸಾಫ್ಟ್‌ವೇರ್ ಗೊತ್ತಿಲ್ಲದ ಗೆಳೆಯರು ಹೊಟ್ಟೆಗೆ ಹಾಕ್ಕೊಳ್ಳಿ.

ಇಲ್ಲೇ ದಾವಣಗೆರೆಯ ಒಬ್ಬ ಹುಡುಗ ತಾನು ಮಾಡಿದ ರೆಂಡರ್ ಕಳಿಸಿದ್ದ. ಹಳೇ ಮನೆ, ಮುಂದೆ ನೀಲಿ ಕಬ್ಬಿಣದ ಗೇಟು. ಬೆಳಕು ಚೆನ್ನಾಗಿದೆ, ನೆರಳು ಚೆನ್ನಾಗಿದೆ. ಗೇಟು ನೋಡಿದರೆ ಮಾತ್ರ ಪ್ರತಿಯೊಂದು ಸರಳಿನ ಪ್ರತಿಯೊಂದು ಅಂಚನ್ನೂ ಇಲಿ ಕೂತು ಒಂದೇ ಸಮ ಕೆರೆದ ಹಾಗಿದೆ. ಚಿಲಕದ ಹತ್ತಿರ? ಹೊಸ ಮದುಮಗಳ ಹಾಗೆ ಫಳಫಳ! ಅಲ್ಲಪ್ಪಾ, ದಿನಕ್ಕೆ ಇಪ್ಪತ್ತು ಸಲ ಕೈ ಬೀಳೋ ಜಾಗ ಅದು.

ಅವನು ಮಾಡಿದ್ದು ಇಷ್ಟು: ಯಾವುದೋ ವಿಡಿಯೋ ನೋಡಿ, ಅಂಚು ಎಲ್ಲಿ ಚೂಪು ಅಂತ ಹೇಳೋ Pointiness ತಗೊಂಡು ನೇರ ColorRampಗೆ ಚುಚ್ಚಿದ್ದಾನೆ. ಅದು ಲೆಕ್ಕ ಹಾಕೋದು ಮೆಶ್ಶಿನ ಮೂಲೆಬಿಂದುಗಳ, ಅಂದರೆ ವರ್ಟೆಕ್ಸ್‌ಗಳ ಮೇಲೆ. ಎಂಟೇ ವರ್ಟೆಕ್ಸ್ ಇರೋ ಸರಳಿನಲ್ಲಿ ಅಂಚು ಹುಡುಕು ಅಂದರೆ ಅದಾದರೂ ಏನು ಮಾಡೀತು? ಅದಕ್ಕೇ ಇವನು ಮೆಶ್ಶನ್ನು ಲಕ್ಷ ತುಂಡು ಮಾಡಿ ಕಂಪ್ಯೂಟರ್ ಬಿಸಿ ಮಾಡಿಕೊಂಡ.

ಅದರ ಬದಲು ಅಂಚನ್ನು ದುಂಡಗಾದ ಹಾಗೆ ತೋರಿಸೋ Bevel ನೋಡ್ ಇದೆ, ಬ್ಲೆಂಡರ್‌ನ ಸೈಕಲ್ಸ್ ರೆಂಡರ್ ಎಂಜಿನ್ನಿನಲ್ಲಿ ಮಾತ್ರ ನಡೆಯುತ್ತೆ. ನಾರ್ಮಲ್ ಅಂದರೆ ಮೇಲ್ಮೈ ಮುಖ ಮಾಡಿರೋ ದಿಕ್ಕು. Bevelನ ನಾರ್ಮಲ್ಲಿಗೂ ಮೇಲ್ಮೈಯ ಅಸಲಿ ನಾರ್ಮಲ್ಲಿಗೂ ಡಾಟ್ ಪ್ರಾಡಕ್ಟ್ ಮಾಡಿ, ಒಂದರಿಂದ ಕಳೆಯಿರಿ. ಸಪಾಟು ಜಾಗದಲ್ಲಿ ಸೊನ್ನೆ ಬರುತ್ತೆ. 90 ಡಿಗ್ರಿ ಮೂಲೆಯಲ್ಲಿ ನಾರ್ಮಲ್ 45 ಡಿಗ್ರಿ ತಿರುಗುತ್ತೆ, ಹಾಗಾಗಿ ಸಿಗೋದು ಹೆಚ್ಚೆಂದರೆ 0.29. ಇದು ಗೊತ್ತಿಲ್ಲದೆ ‘ಬಣ್ಣ ಎಲ್ಲಿ ಹೋಗಬೇಕು ಅನ್ನೋ ಮಾಸ್ಕೇ ಕಾಣ್ತಿಲ್ಲ’ ಅಂತ ನಾನೇ ಎರಡು ರಾತ್ರಿ ಹಾಳು ಮಾಡಿಕೊಂಡಿದ್ದೆ. Map Rangeನಲ್ಲಿ 0.29 ಅನ್ನು 1 ಮಾಡಿದರೆ ಆಯ್ತು. ಇನ್ನೊಂದು, Bevelಗೆ ಹೊರಮೂಲೆ ಒಳಮೂಲೆ ಭೇದ ಇಲ್ಲ. ವೆಲ್ಡಿಂಗ್ ಸಂದಿಯಲ್ಲೂ ಬಣ್ಣ ಕಿತ್ತು ತೋರಿಸುತ್ತೆ. ಅಲ್ಲಿ ನಿಜವಾಗಿ ಬಣ್ಣ ದಪ್ಪ, ಮೇಲೆ ಧೂಳು. ಸಂದಿಯಲ್ಲಿ ಕಡಿಮೆಯಾಗೋ Ambient Occlusionನಿಂದ ಗುಣಿಸಿದರೆ ಸಂದಿಗಳು ಉಳ್ಕೊಳ್ತವೆ.

ಆಮೇಲೆ ಕೈ. ಚಿಲಕದ ಹತ್ತಿರ ಒಂದು ಎಂಪ್ಟಿ, ಅಂದರೆ ರೆಂಡರ್‌ನಲ್ಲಿ ಕಾಣದ ಗುರುತು ಇಡಿ, Texture Coordinateನಲ್ಲಿ ಅದನ್ನೇ ಆರಿಸಿ, Lengthನಿಂದ ದೂರ ತಗೊಳ್ಳಿ. ಇದನ್ನೂ Map Rangeನಲ್ಲಿ ತಿರುವಿಹಾಕಿ: ನಡುವೆ 1, ಒಂದು ಗೇಣಾಚೆಗೆ 0. ಏರುಪೇರಿಗೆ ಸ್ವಲ್ಪ ನಾಯ್ಸ್ ಸೇರಿಸಿ ಎಲ್ಲ ಕೂಡಿಸಿದರೆ:

```
wear = 0.5*edge*ao + 0.5*hand + 0.4*(noise - 0.5)
```

0.5 ದಾಟಿದರೆ ನೀಲಿ ಹೋಗಿ ಪ್ರೈಮರ್, 0.6 ದಾಟಿದರೆ ಬರೀ ಕಬ್ಬಿಣ. ಕೈಯೂ ತಾಗದ, ಅಂಚೂ ಅಲ್ಲದ ಕಡೆ ನಾಯ್ಸ್ ಎಷ್ಟೇ ಕುಣಿದರೂ 0.2 ದಾಟಲ್ಲ, ಬಣ್ಣ ಗಟ್ಟಿ. ಬರೀ ಅಂಚಿನಲ್ಲಿ ಅಲ್ಲಲ್ಲಿ ತುಂಡು ತುಂಡಾಗಿ ಹೋಗುತ್ತೆ. ಚಿಲಕದ ಸುತ್ತಲಿನ ಅಂಚು ಮಾತ್ರ ಪೂರ್ತಿ ಬೋಳು. ನಾಯ್ಸ್ ಅನ್ನು ಕೊನೆಗೆ ಗುಣಿಸಬೇಡಿ, ಮೊದಲೇ ಕೂಡಿಸಿ ಆಮೇಲೆ ಕತ್ತರಿಸಿ. ಗುಣಿಸಿದರೆ ಬಣ್ಣ ಮಂಜಿನ ಹಾಗೆ ಮಾಸುತ್ತೆ. ಗೇಟಿನ ಬಣ್ಣ ಮಾಸೋದಿಲ್ಲ, ಚಕ್ಕೆ ಏಳುತ್ತೆ. ಹಾಗೇ ಲೋಹವೋ ಅಲ್ಲವೋ ಅಂತ ಹೇಳೋ Metallicನಲ್ಲಿ 0 ಅಥವಾ 1, ನಡುವಿನದು ಬೇಡ. ತುಕ್ಕು ಹಿಡಿದರೆ ಅದೂ 0.

0.5, 0.6 ಅಂತ ಎರಡು ಗೆರೆ ಯಾಕೆ ಅಂದರೆ, ನಮ್ಮಪ್ಪ ಬೀರು ಮಾಡೋ ಶೆಡ್ಡಿನಲ್ಲಿ ಸ್ಪ್ರೇ ಹೊಡೀತಿದ್ದರು. ಮೊದಲು ರೆಡ್ ಆಕ್ಸೈಡ್, ಅದು ಒಣಗಿದ ಮೇಲೆ ಬಣ್ಣ. ಬಣ್ಣ ಎದ್ದ ಕಡೆ ಕಬ್ಬಿಣದ ಸುತ್ತ ಕುಂಕುಮದ ಗೆರೆಯ ಹಾಗೆ ಪ್ರೈಮರ್ ಇಣುಕುತ್ತೆ. ಅವರು ಇದ್ದಾಗ ಆ ಶೆಡ್ಡಿನ ಕಡೆ ತಲೆ ಹಾಕಿದವನಲ್ಲ ನಾನು, ವಾಸನೆ ಅಂತ. ಈಗ ಆ ಕೆಂಪು ಗೆರೆಗೆ ನೋಡ್ ಜೋಡಿಸ್ತಾ ಕೂತಿದ್ದೀನಿ.

ಹುಡುಗ ಹೇಳ್ದ, “ಅಣ್ಣಾ, ಕ್ಲೈಂಟಿಗೆ ಇದೆಲ್ಲಾ ಎಲ್ಲಿ ಗೊತ್ತಾಗ್ತೈತಿ? ಫೋಟೋ ಟೆಕ್ಸ್ಚರ್ ಹಾಕಿದ್ರೆ ಎರಡು ನಿಮಿಷ.” ಹಾಕಪ್ಪ, ಬೇಡ ಅಂದವರಾರು. ಆ ಫೋಟೋದಲ್ಲಿರೋದು ಇನ್ಯಾರದೋ ಮನೆ ಗೇಟಿನ ಸವೆತ. ನಿನ್ನ ಚಿಲಕ ಎಲ್ಲಿದೆ ಅಂತ ಅದಕ್ಕೇನು ಗೊತ್ತು? ಕ್ಲೈಂಟಿಗೆ ಕಾರಣ ಹೇಳೋಕೆ ಬರಲ್ಲ, ನಿಜ. ‘ಏನೋ ಸರಿ ಇಲ್ಲ’ ಅಂತ ಮೂರು ಸಲ ವಾಪಸ್ ಕಳಿಸೋಕೆ ಬರುತ್ತೆ!

ಮರ, ಉಜ್ಜಿದ ಸ್ಟೀಲಿನ ಕಥೆಯೂ ಇದೇ. ಸ್ಟೀಲಿನ ಗೀರು ಉಜ್ಜಿದ ದಿಕ್ಕಿಗೇ ಓಡಬೇಕು: ನಾಯ್ಸ್‌ನ ಸ್ಕೇಲ್ ಅಡ್ಡಕ್ಕೆ 200, ಉದ್ದಕ್ಕೆ 1. ಹಲಗೆಯ ಎಳೆ ಉದ್ದಕ್ಕೆ ಹೋಗಿ ತುದಿಯಲ್ಲಿ ಬಳೆಯಾಗಬೇಕು. ಇವನ ಬಾಗಿಲಲ್ಲಿ ಎಳೆ ಅಡ್ಡಡ್ಡ ಇತ್ತು. ಅದರ ಬಗ್ಗೆ ಇವತ್ತು ಮಾತಾಡಲ್ಲ, ಬಿಪಿ ಇದೆ.

ನಮ್ಮನೆ ಗೇಟಿಗೆ ಇನ್ನೊಂದು ಸವೆತ ಐತಿ. ಅವ್ವ ದಿನಾ ಅಂಗಳಕ್ಕೆ ನೀರು ಹಾಕ್ತಾಳೆ, ಸಿಡಿದು ಕೆಳಗಿನ ಪಟ್ಟಿಯಲ್ಲಿ ಬಣ್ಣ ಗುಳ್ಳೆ ಎದ್ದು ತುಕ್ಕು. ಅದು ಅಂಚಿನದೂ ಅಲ್ಲ, ಕೈಯದೂ ಅಲ್ಲ, ಎತ್ತರದ ಮಾಸ್ಕ್ ಬೇರೆ ಬೇಕು. ಕುಕ್ಕರಗಾಲಲ್ಲಿ ಕೂತು ಫೋಟೋ ತೆಗೀತಿದ್ದೆ, ಅವ್ವ ಹಿಂದಿನಿಂದ, “ಗೇಟಿಗೆ ಬಣ್ಣ ಹೊಡ್ಸೋ ಅಂದ್ರೆ ಫೋಟೋ ಹೊಡೀತಾ ಕುಂತೀಯಲ್ಲೋ!” ದೀಪಾವಳಿಗೆ ಮುಂಚೆ ತಾನೇ ಪೇಂಟರ್‌ನ ಕರೆಸ್ತಾಳಂತೆ. ಅಷ್ಟರೊಳಗೆ ಕೆಳಗಿನ ಪಟ್ಟಿ ಮುಗಿಸಬೇಕು.