ವೈಫೈ ಹೆಸರು ಮುಚ್ಚಿಟ್ರೆ ಕಳ್ಳ ಬರಲ್ಲ ಅಂತ ಯಾರ್ ಹೇಳಿದ್ದು?

ಹೋದ ಭಾನುವಾರ ನಿಟ್ಟುವಳ್ಳಿಲಿರೋ ನಮ್ ಸೋದರಮಾವನ ಮನೆಗೆ ಹೋಗಿದ್ದೆ. ಕಾಲಿಟ್ಟ ತಕ್ಷಣ ಅತ್ತೆ ಶುರು ಮಾಡಿದ್ರು, "ನೋಡಪ್ಪಾ, ನಿಮ್ ಮಾವ ಆ ವೈಫೈಗೆ ಏನ್ ಮಾಡ್ಸಿದ್ರೋ ಏನೋ, ಹೊರಗಿಂದ ಬಂದ್ರೆ ನನ್ ಫೋನು ಹತ್ ನಿಮಿಷ ಆದ್ರೂ ಹಿಡಿಯಲ್ಲ, ಕರೆಂಟ್ ಹೋಗಿ ಬಂದ್ರೆ ಟಿವಿನೂ ಹಿಡಿಯಲ್ಲ." ಮಾವ ಸೋಫಾ ಮೇಲೆ ಕೂತು ನಗ್ತಿದ್ರು. ಮೇಲಿನ ಮನೇಲಿ ಇಂಜಿನಿಯರಿಂಗ್ ಹುಡುಗ್ರು ಬಾಡಿಗೆಗೆ ಇದಾರೆ, ಅವರು ಹೆಂಗೋ ಪಾಸ್‌ವರ್ಡ್ ತಿಳ್ಕೊಂಡು ಮ್ಯಾಚ್ ನೋಡ್ತಿದ್ರಂತೆ, ಅದಕ್ಕೆ ಫೈಬರ್ ಲೈನಿನ ಹುಡುಗನ್ನ ಕರ್ಸಿ ವೈಫೈ ಹೆಸರನ್ನೇ ಕಾಣದಂಗೆ ಮಾಡ್ಸಿದಾರೆ, ಪಾಸ್‌ವರ್ಡೂ ಬದ್ಲಾಯ್ಸಿದಾರೆ, ಹೊಸ ಪಾಸ್‌ವರ್ಡ್ ಏನಪ್ಪಾ ಅಂದ್ರೆ ಮಾವಂದೇ ಮೊಬೈಲ್ ನಂಬರ್! "ಹೆಸ್ರೇ ಕಾಣಲ್ಲ ಅಂದ್ಮೇಲೆ ಯಾವನ್ ಬರ್ತಾನ್ಲೇ ಒಳಗೆ" ಅಂದ್ರು.

ಈ ಮಾತು ನಾನು ದಾವಣಗೆರೆಲಿ ಎಷ್ಟ್ ಜನರ ಬಾಯಲ್ಲಿ ಕೇಳೀನೋ ಲೆಕ್ಕ ಇಲ್ಲ. ನೆಟ್‌ವರ್ಕ್ ಕೆಲ್ಸ ಮಾಡೋನಾಗಿ ಒಂದ್ಸಲ ಪೂರ್ತಿ ಬರ್ದು ಬಿಡೋಣ ಅಂತ ಕೂತೆ, ಉದ್ದ ಆಗುತ್ತೆ, ಟೀ ತಗೊಂಡು ಕೂತ್ಕೊಳ್ರಿ.

ಮೊದ್ಲು, ಮುಚ್ಚೋದು ಅಂದ್ರೆ ಏನ್ ಮುಚ್ಚುತ್ತೆ ಅನ್ನೋದು. ನಿಮ್ ರೂಟರ್ ಸುಮ್ನೆ ಕೂತಿರಲ್ಲ, ಸೆಕೆಂಡಿಗೆ ಹತ್ತತ್ರ 10 ಸಲ "ನಾನಿಲ್ಲಿದೀನಿ" ಅಂತ ಒಂದು ಚಿಕ್ಕ ಸಂದೇಶ ಕಳಿಸ್ತಾನೇ ಇರುತ್ತೆ, ಅದಕ್ಕೆ ಬೀಕನ್ ಅಂತಾರೆ. ಅದ್ರಲ್ಲಿ ವೈಫೈ ಹೆಸರು, ರೂಟರಿನ ಗುರುತಿನ ನಂಬರ್ ಥರದ ಮ್ಯಾಕ್ ಅಡ್ರೆಸ್, ಯಾವ್ ಚಾನೆಲ್ಲು, ಯಾವ್ ಥರ ಲಾಕು, ಎಲ್ಲಾ ಇರುತ್ತೆ. ಹೈಡ್ ಮಾಡಿದ್ರೆ ಇಷ್ಟರಲ್ಲಿ ಹೆಸರಿನ ಜಾಗ ಒಂದೇ ಖಾಲಿ ಆಗೋದು. ಬೀಕನ್ ನಿಲ್ಲಲ್ಲ, ಸಿಗ್ನಲ್ ಕಮ್ಮಿ ಆಗಲ್ಲ, ಮ್ಯಾಕ್ ಅಡ್ರೆಸ್ಸೂ ಹಂಗೇ ಹೋಗ್ತಿರುತ್ತೆ. ನಮ್ ಬಸ್‌ಸ್ಟ್ಯಾಂಡಲ್ಲಿ ಹರಿಹರದ ಬಸ್ಸಿನ ಬೋರ್ಡ್ ಕಿತ್ತು ಒಳಗಿಟ್ಟಂಗೆ. ಬಸ್ಸು ಅಲ್ಲೇ ನಿಂತೈತೆ, ಇಂಜಿನ್ ಸದ್ದು ಮಾಡ್ತಾ ಐತೆ, ಬೋರ್ಡ್ ಮಾತ್ರ ಇಲ್ಲ.

ಈಗ ಪ್ಯಾಸೆಂಜರ್ ಏನ್ ಮಾಡ್ಬೇಕು? ಬೋರ್ಡ್ ಇದ್ದಾಗ ಸುಮ್ನೆ ಓದ್ಕೊಂಡು ಹತ್ತುತಿದ್ದ. ಬೋರ್ಡ್ ಇಲ್ಲ ಅಂದ್ಮೇಲೆ ನಿಂತಿರೋ ಪ್ರತಿ ಬಸ್ಸಿನ ಹತ್ರ ಹೋಗಿ "ಹರಿಹರನಾ? ಹರಿಹರನಾ?" ಅಂತ ಕೂಗ್ಬೇಕು. ಆ ಪ್ಯಾಸೆಂಜರೇ ನಿಮ್ ಫೋನು. ಇಡೀ ಕಥೆ ಇರೋದು ಇದ್ರಲ್ಲೇ.

ಮಾವಂಗೆ ಬಾಯಲ್ಲಿ ಹೇಳಿದ್ರೆ ನಂಬೋ ಪೈಕಿ ಅಲ್ಲ, ಬ್ಯಾಗಲ್ಲಿ ಲ್ಯಾಪ್‌ಟಾಪ್ ಇತ್ತು, ಸುತ್ತಲಿನ ವೈಫೈ ಸಂದೇಶ ಎಲ್ಲಾ ಕೇಳಿಸ್ಕೊಳ್ಳೋ ಮಾನಿಟರ್ ಮೋಡ್ ಇರೋ ಯುಎಸ್‌ಬಿ ವೈಫೈ ಅಡಾಪ್ಟರೂ ಇತ್ತು, ಅವರದೇ ರೂಟರು ಅವರದೇ ಫೋನು, ಅವರ ಮುಂದೇ ತೋರ್ಸಿದೆ (ಬೇರೆಯವರ ನೆಟ್‌ವರ್ಕ್ ಮೇಲೆ ಹಿಂಗೆಲ್ಲ ಮಾಡಕ್ಕೆ ಹೋಗ್ಬೇಡ್ರಿ, ಐಟಿ ಆಕ್ಟ್ ಐತೆ). ಎರಡೇ ಲೈನು:

```
sudo airmon-ng start wlan0
sudo airodump-ng --channel 6 wlan0mon
```

ಸ್ಕ್ರೀನ್ ಮೇಲೆ ಮಾವನ ರೂಟರು ಬಂತು. ಮ್ಯಾಕ್ ಅಡ್ರೆಸ್, ಸಿಗ್ನಲ್, ಲಾಕಿನ ಥರ `WPA2`, ಎಲ್ಲಾ ಸರಿಯಾಗಿ ಕಾಣ್ತಿತ್ತು, ಹೆಸರಿರೋ ಕಡೆ ಮಾತ್ರ `<length:  0>` ಅಂತ. ಮಾವ "ನೋಡಿದ್ಯಾ, ಇಲ್ಲ ಹೆಸ್ರು" ಅಂತ ಮೀಸೆ ತಿರುವಿದ್ರು. ಸ್ವಲ್ಪ ತಡೀರಿ ಮಾವಾ ಅಂದೆ. ಅಷ್ಟೊತ್ತಿಗೆ, ನಾನು ಬಂದ್ಮೇಲೆ ಗುಡಿಗೆ ಹೋಗಿದ್ದ ಅತ್ತೆ ವ್ಯಾನಿಟಿ ಬ್ಯಾಗಲ್ಲಿ ಫೋನ್ ಹಾಕ್ಕೊಂಡು ಗೇಟ್ ತೆಗ್ದ್ರು. ಅವರು ಚಪ್ಪಲಿ ಬಿಟ್ಟು ಒಳಗ್ ಬಂದು ನೀರ್ ಕುಡ್ದು ಕೂತ್ಮೇಲೆ ಆ ಲೈನು ತನ್ನಷ್ಟಕ್ಕೆ ತಾನೇ ಬದ್ಲಾಯ್ತು, `Siddeshwara_Nilaya`. ನಾನು ಒಂದ್ ಬಟನ್ನೂ ಒತ್ತಿರಲಿಲ್ಲ.

ಯಾಕಂದ್ರೆ ಫೋನು ರೂಟರಿಗೆ ಸೇರ್ಕೋಬೇಕಾದ್ರೆ ಹೆಸರು ಹೇಳ್ಲೇಬೇಕು. ಫೋನ್ ಕೇಳೋ ಪ್ರಶ್ನೆಲಿ, ರೂಟರ್ ಕೊಡೋ ಉತ್ತರದಲ್ಲಿ, ಸೇರ್ಸ್ಕೋ ಅನ್ನೋ ಅರ್ಜಿಲಿ, ಎಲ್ಲಾ ಕಡೆ ಹೆಸರು ಬಿಚ್ಚಿಟ್ಟಂಗೆ ಹೋಗುತ್ತೆ. ಲಾಕು ಬೀಳೋದು ಇದೆಲ್ಲ ಆದ್ಮೇಲೆ. WPA2 ಇರ್ಲಿ, ಅದಕ್ಕಿಂತ ಹೊಸ ಲಾಕು WPA3 ಇರ್ಲಿ, ಹೆಸರನ್ನ ಅದು ಮುಚ್ಚಲ್ಲ, ಅದರ ಕೆಲ್ಸ ಅದಲ್ಲ. ಅಂದ್ರೆ ಮನೆಲಿ ನಾಲ್ಕ್ ಫೋನ್ ಇದ್ರೆ ಸಂಜೆ ಎಲ್ರೂ ಮನೆಗೆ ಬರೋ ಹೊತ್ತಿಗೆ ನಾಲ್ಕ್ ಸಲ ಹೆಸರು ಗಾಳಿಲಿ ಹೋಯ್ತು ಅಂತ್ಲೇ ಲೆಕ್ಕ. ಬೇಕು ಅಂತ ಬಂದವನಿಗೆ ಬೇಕಾಗಿರೋದು ಸ್ವಲ್ಪ ತಾಳ್ಮೆ, ಅಷ್ಟೇ. ಮೇಲಿನ ಮನೆ ಹುಡುಗ್ರ ಲಿಸ್ಟಲ್ಲಿ ಹೆಸರು ಕಾಣಲ್ಲ ನಿಜ, ಆದ್ರೆ ಅವರು ಒಳಗ್ ಬಂದಿದ್ದು ಪಾಸ್‌ವರ್ಡ್ ಗೊತ್ತಾಗಿ, ಹೆಸರು ಕಂಡು ಅಲ್ಲ.

ಇಲ್ಲಿಗೇ ಮುಗ್ದಿದ್ರೆ ಹೋಗ್ಲಿ ಬಿಡು, ಉಪಯೋಗ ಇಲ್ಲ ಆದ್ರೆ ತೊಂದ್ರೆನೂ ಇಲ್ಲ ಅನ್ಬೋದಿತ್ತು. ತೊಂದ್ರೆ ಶುರು ಆಗೋದು ಫೋನು ಮನೆಯಿಂದ ಆಚೆ ಹೋದ್ಮೇಲೆ. ಸಾಮಾನ್ಯ ವೈಫೈ ಆದ್ರೆ ಫೋನು ಕಿವಿ ಕೊಟ್ಟು ಬೀಕನ್ ಕೇಳುತ್ತೆ, ಇಲ್ಲಾ ಹೆಸರು ಹೇಳ್ದೇ "ಯಾರ್ಯಾರಿದೀರಿ" ಅಂತ ಕೂಗಿ, ಗೊತ್ತಿರೋ ಹೆಸರು ಬಂದ್ರೆ ಸೇರುತ್ತೆ. ಹಿಡನ್ ಅಂತ ಸೇವ್ ಆಗಿರೋ ನೆಟ್‌ವರ್ಕ್ ಆದ್ರೆ ಹಂಗೆ ಆಗಲ್ಲ, ಅದು ತನ್ನ ಹೆಸರು ತಾನು ಹೇಳಲ್ವಲ್ಲ, ಫೋನೇ ಹೆಸರು ಹಿಡ್ದು ಕೂಗ್ಬೇಕು. ಮನೆ ಹತ್ರ ಬಂದಿದೀನೋ ಇಲ್ವೋ ಅಂತ ಫೋನಿಗೆ ಗೊತ್ತಿರಲ್ಲ, ಅದಕ್ಕೆ ಹೋದ್ ಕಡೆಯೆಲ್ಲ ಕೂಗುತ್ತೆ. ಮಾವನ ಫೋನ್ ತಗೊಂಡು ವಿದ್ಯಾನಗರದ ನಮ್ಮನೆಗೆ ಬಂದೆ, ಅವರ ರೂಟರಿನ ಸಿಗ್ನಲ್ ಇಲ್ಲಿಗೆ ಬರೋ ಮಾತೇ ಇಲ್ಲ. ಫೋನ್ ಸ್ಕ್ರೀನ್ ಆನ್ ಮಾಡಿ ವೈಫೈ ಸೆಟಿಂಗ್ ತೆಗ್ದಿದ್ದೇ ತಡ, ಲ್ಯಾಪ್‌ಟಾಪಲ್ಲಿ ಕೆಳಗಿನ `Probes` ಅನ್ನೋ ಕಾಲಮ್ಮಲ್ಲಿ ಬಂದು ಕೂತ್ಕೊಂತು, `Siddeshwara_Nilaya`. ಮಾವ ಚೌಕಿಪೇಟೆ ಅಂಗಡೀಲಿ ಕೂತಾಗ, ಗಾಜಿನ ಮನೆ ಹತ್ರ ವಾಕಿಂಗ್ ಹೋದಾಗ, ಮಂಡಕ್ಕಿ ಮಿರ್ಚಿ ತಿನ್ನೋವಾಗ, ಎಲ್ಲಾ ಕಡೆ ಇದೇ ಕೂಗು.

ಈಗಿನ ಫೋನುಗಳು ತಮ್ ಗುರುತು ಸಿಗ್ಬಾರ್ದು ಅಂತ ಮ್ಯಾಕ್ ಅಡ್ರೆಸ್ ಬದ್ಲಾಯಿಸ್ತಾ ಇರ್ತಾವೆ. ಒಳ್ಳೇದೇ. ಆದ್ರೆ ಮುಖಕ್ಕೆ ಮಾಸ್ಕ್ ಹಾಕ್ಕೊಂಡು "ನಾನು ಸಿದ್ದೇಶ್ವರ ನಿಲಯದವನು" ಅಂತ ಕೂಗ್ತಾ ಹೋದ್ರೆ ಮಾಸ್ಕ್ ಹಾಕಿ ಏನ್ ಬಂತು? ಇದು ನನ್ ಕಲ್ಪನೆ ಅಲ್ಲ, ಆಂಡ್ರಾಯ್ಡ್ ಫೋನಲ್ಲಿ ಹಿಡನ್ ನೆಟ್‌ವರ್ಕ್ ಸೇರ್ಸೋ ಜಾಗದಲ್ಲೇ ಇದ್ರಿಂದ ಭದ್ರತೆಗೆ ಅಪಾಯ ಆಗ್ಬೋದು ಅಂತ ಬರ್ದಿರುತ್ತೆ, ಐಫೋನಲ್ಲಿ ನೆಟ್‌ವರ್ಕ್ ಹೆಸರಿನ ಕೆಳಗೇ ಪ್ರೈವೆಸಿ ವಾರ್ನಿಂಗ್ ಬರುತ್ತೆ. ಯಾರೂ ಓದಲ್ಲ, ಓಕೆ ಒತ್ತೋದೇ ಅಭ್ಯಾಸ ನಮ್ದು.

ಅತ್ತೆ ಫೋನು ತಡ ಮಾಡ್ತಿದ್ದಿದ್ದೂ ಇದಕ್ಕೇ. ಒಂದೊಂದೇ ಚಾನೆಲ್ಲಿಗೆ ಹೋಗಿ ಹೆಸರು ಕೂಗಿ ಉತ್ತರಕ್ಕೆ ಕಾಯ್ಬೇಕು, ಸ್ಕ್ರೀನ್ ಆಫ್ ಇದ್ದಾಗ ಫೋನು ಇಂಥ ಹುಡುಕಾಟ ಕಮ್ಮಿ ಮಾಡುತ್ತೆ, ಅಷ್ಟರಲ್ಲಿ ಮೊಬೈಲ್ ಡೇಟಾ ಖರ್ಚಾಗ್ತಿರುತ್ತೆ. ಬ್ಯಾಟರಿ ತಿನ್ನುತ್ತೆ ಅಂತ ಕೆಲವರು ಹೆದರಿಸ್ತಾರೆ, ಸ್ವಲ್ಪ ತಿನ್ನುತ್ತೆ ನಿಜ, ಆದ್ರೆ ಗೊತ್ತಾಗೋ ಅಷ್ಟಲ್ಲ, ಅದನ್ನ ದೊಡ್ಡದು ಮಾಡಲ್ಲ ನಾನು.

ದೊಡ್ಡದು ಮಾಡ್ಬೇಕಾಗಿರೋದು ಬೇರೆ ಐತೆ. ಅಂಗಡಿ ಎದುರು ಒಬ್ಬ ಕೂತವ್ನೆ ಅನ್ಕೊಳ್ರಿ, ಮಾವನ ಫೋನ್ ಕೂಗಿದ ಹೆಸರು ಅವನಿಗೆ ಬಿತ್ತು. ಅವನು ಅದೇ ಹೆಸರಲ್ಲಿ ಒಂದು ಸುಳ್ಳು ವೈಫೈ ಎಬ್ಬಿಸ್ತಾನೆ. ಫೋನು "ಓ ಮನೆ ಬಂತು" ಅನ್ಕೊಂಡು ಸೇರೋಕೆ ಹೋಗುತ್ತೆ. ಸುಳ್ಳು ರೂಟರ್ ಒಂದು ನಂಬರ್ ಕಳಿಸುತ್ತೆ, ಫೋನು ತನ್ನದೊಂದು ನಂಬರ್ ಜೊತೆಗೆ, ಪಾಸ್‌ವರ್ಡಿಂದ ಲೆಕ್ಕ ಹಾಕಿದ ಒಂದು ಸಹಿ ಥರದ್ದನ್ನ ವಾಪಸ್ ಕಳಿಸುತ್ತೆ. ಅವನಿಗೆ ಪಾಸ್‌ವರ್ಡ್ ಗೊತ್ತಿಲ್ಲ, ಹಂಗಾಗಿ ಕನೆಕ್ಷನ್ ಮುಂದಕ್ಕೆ ಹೋಗಲ್ಲ, ಫೋನ್ ಜೇಬಲ್ಲಿದ್ರೆ ಮಾವಂಗೆ ಏನೂ ಗೊತ್ತಾಗಲ್ಲ. ಆದ್ರೆ ಆ ಸಹಿ ಅವನ ಕೈಗೆ ಬಂತಲ್ಲ, WPA2ಲಿ ಅಷ್ಟು ಸಾಕು. ಮನೆಗ್ ಹೋಗಿ ಆರಾಮಾಗಿ ಒಂದೊಂದೇ ಪಾಸ್‌ವರ್ಡ್ ಊಹೆ ಮಾಡಿ ಅದೇ ಸಹಿ ಬರುತ್ತಾ ಅಂತ ನೋಡ್ತಾನೆ. ನಿಮ್ ಮನೆ ಹತ್ರ ಅವನು ಬರೋದೇ ಬೇಡ.

ಈಗ ಆ ಮೊಬೈಲ್ ನಂಬರ್ ಪಾಸ್‌ವರ್ಡಿನ ಲೆಕ್ಕ ನೋಡ್ರಿ. ನಮ್ಮಲ್ಲಿ ಮೊಬೈಲ್ ನಂಬರ್ 10 ಅಂಕಿ, ಮೊದಲನೇದು 6, 7, 8, 9 ಇಷ್ಟರಲ್ಲೊಂದು, ಅಲ್ಲಿಗೆ ಒಟ್ಟು 400 ಕೋಟಿ. ಕೇಳೋಕೆ ದೊಡ್ಡದು. ಒಂದು ಒಳ್ಳೆ ಗೇಮಿಂಗ್ ಗ್ರಾಫಿಕ್ಸ್ ಕಾರ್ಡು ಸೆಕೆಂಡಿಗೆ 10 ಲಕ್ಷ ಊಹೆ ಮಾಡಿ ನೋಡುತ್ತೆ. 400 ಕೋಟಿನ 10 ಲಕ್ಷದಿಂದ ಭಾಗ್ಸಿದ್ರೆ 4000 ಸೆಕೆಂಡು, ಅಂದ್ರೆ ಒಂದು ಗಂಟೆ ಚಿಲ್ರೆ. ಕರ್ನಾಟಕದ ಅಷ್ಟೂ ಜನದ ನಂಬರ್ ಅದ್ರೊಳಗೇ ಬಂತು. ಲೆಕ್ಕ ಕೇಳಿ ಮಾವ ಮೊದಲನೇ ಸಲ ನಗು ನಿಲ್ಸಿದ್ರು.

ನ್ಯಾಯವಾಗಿ ಹೇಳ್ಬೇಕು ಅಂದ್ರೆ, ಹೆಸರು ಕಾಣೋ ವೈಫೈಗೂ ಈ ಆಟ ಆಡ್ಬೋದು, ಆದ್ರೆ ಅವನು ನಿಮ್ ಮನೆ ವೈಫೈ ಹೆಸರು ಬೇರೆ ಎಲ್ಲಿಂದಾದ್ರೂ ತಿಳ್ಕೊಂಡಿರ್ಬೇಕು. ಹಿಡನ್ ಮಾಡಿದ್ರೆ ಆ ತಾಪತ್ರಯನೂ ಇಲ್ಲ, ನಿಮ್ ಫೋನೇ ಹೇಳ್ಕೊಡುತ್ತೆ. WPA3 ಹಾಕಿದ್ರೆ ಸಹಿ ತಗೊಂಡು ಮನೇಲಿ ಕೂತು ಊಹೆ ಮಾಡೋ ದಾರಿ ಮುಚ್ಚುತ್ತೆ, ಆದ್ರೆ ಅತ್ತೆಯ ಹಳೇ ಫೋನಿಗೆ ಅದು ಬರಲ್ಲ, ಹಂಗಾಗಿ WPA2 ಇಟ್ಕೊಂಡೇ ಕೆಲ್ಸ ನೋಡ್ಬೇಕಾಯ್ತು.

ಮಾಡಿದ್ದು ಇಷ್ಟು. ಹೆಸರು ವಾಪಸ್ ಕಾಣೋ ಹಂಗೆ ಮಾಡಿದೆ, ಹೆಸರನ್ನೂ ಬದ್ಲಾಯ್ಸಿದೆ, ಮನೆ ಹೆಸರು ಯಾಕೆ ಗಾಳಿಲಿ ಬಿಡ್ಬೇಕು. ಪಾಸ್‌ವರ್ಡಿಗೆ ಒಂದಕ್ಕೊಂದು ಸಂಬಂಧ ಇಲ್ದಿರೋ ಐದು ಪದ ಅತ್ತೆನೇ ಹೇಳಿದ್ರು, ಒಂದ್ರಲ್ಲಿ ಸೌಟು ಇತ್ತು ಅಷ್ಟು ಹೇಳ್ತೀನಿ. ಪಾಸ್‌ವರ್ಡ್ ಹಾಕ್ದೇ ಬಟನ್ ಇಲ್ಲಾ ಪಿನ್ ಮೂಲಕ ವೈಫೈಗೆ ಸೇರ್ಸೋ WPS ಆಫ್ ಮಾಡಿದೆ. ಹುಡುಗ್ರಿಗೆ ಗೆಸ್ಟ್ ನೆಟ್‌ವರ್ಕ್ ಮಾಡಿ ಸ್ಪೀಡ್ ಕಟ್ಟಿ ಹಾಕಿ ಕೊಟ್ಟೆ, ತಿಂಗಳಿಗೆ ನೂರ್ ರೂಪಾಯಿ ಕೊಡ್ತೀವಿ ಅಂತ ಅವರೇ ಒಪ್ಕೊಂಡ್ರು.

ಒಂದು ವಿಷ್ಯ ಬಹಳ ಜನ ಮರೀತಾರೆ. ರೂಟರಲ್ಲಿ ಹೈಡ್ ತೆಗ್ದ್ರೆ ಸಾಲ್ದು, ಫೋನಲ್ಲಿ ಹಳೇದು ಹಿಡನ್ ಅಂತ್ಲೇ ಸೇವ್ ಆಗಿ ಕೂತಿರ್ಬೋದು, ಅದು ಅಲ್ಲಿರೋವರೆಗೂ ಫೋನು ಕೂಗ್ತಾನೇ ಇರುತ್ತೆ. ಪ್ರತಿ ಫೋನಲ್ಲೂ ಸೇವ್ಡ್ ನೆಟ್‌ವರ್ಕಿಗೆ ಹೋಗಿ ಹಳೇ ಹೆಸರು ಫರ್ಗೆಟ್ ಕೊಟ್ಟು, ಹೊಸದನ್ನ ಲಿಸ್ಟಲ್ಲಿ ಕಾಣೋ ಹೆಸರು ಒತ್ತಿನೇ ಸೇರ್ಸ್ಬೇಕು, ಕೈಯಲ್ಲಿ ಟೈಪ್ ಮಾಡಿ ಅಲ್ಲ. ಮಾವನ ಫೋನಲ್ಲಿ ಹಂಗೆ ಮಾಡಿ ಮತ್ತೆ ಲ್ಯಾಪ್‌ಟಾಪ್ ನೋಡಿದೆ, ಮನೆ ಹೆಸರು ಹೋಗಿತ್ತು. ಆದ್ರೆ `Probes` ಕಾಲಮ್ಮಲ್ಲಿ ಇನ್ನೊಂದು ಹೆಸರು ಬರ್ತಿತ್ತು, ನೋಡಿದ್ರೆ ಅಂಗಡಿ ಹೆಸರು.

"ಮಾವಾ, ಇದೇನ್ರಿ?"

"ಅಯ್ಯೋ, ಅಂಗಡೀಲೂ ಅದೇ ಹುಡುಗನ್ ಕೈಲಿ ಮಾಡ್ಸಿದ್ನಲ್ಲೋ" ಅಂದ್ರು, "ಅಲ್ಲೂ ಪಾಸ್‌ವರ್ಡು ನನ್ ನಂಬರೇ."

ಬರೋ ಭಾನುವಾರ ಚೌಕಿಪೇಟೆಗೆ ಹೋಗ್ಬೇಕು.