ಗಂಧದ ಆನೆಯ ಹೊಟ್ಟೆ ಕೆರೆದು ನೋಡಿ

ಶಿರಸಿ ಮಾರಿಕಾಂಬಾ ಜಾತ್ರೆಯ ಅಂಗಡಿ ಸಾಲಿನಲ್ಲಿ ಗಂಧದ ಆನೆ ಮಾರುವವರು ಕಾಣುವ ಮೊದಲೇ ಪರಿಮಳ ಬಂದು ಮುಟ್ಟುತ್ತದೆ. ನನಗೆ ಅನುಮಾನ ಶುರುವಾಗುವುದೇ ಅಲ್ಲಿ. ನಿಜವಾದ ಗಂಧ ಹಾಗೆ ದೂರದಿಂದ ಕೂಗುವುದಿಲ್ಲ. ದೇವರ ಮನೆಯಲ್ಲಿ ಸಾಣೆಕಲ್ಲಿನ ಮೇಲೆ ಕೊರಡು ತೇಯ್ದು ಬೆಳೆದವರಿಗೆ ಇದು ಗೊತ್ತು: ನೀರು ಬಿಟ್ಟು ನಾಲ್ಕು ಸುತ್ತು ತಿರುಗಿಸಿದ ಮೇಲೆ ತಾನೇ ಅದು ಬಾಯಿ ಬಿಡುವುದು?

ನಮ್ಮ ಕಡೆ ಗಂಧ ಕೆತ್ತುವ ಕೆಲಸ ಗುಡಿಗಾರರದ್ದು. ಅವರಲ್ಲಿ ವಯಸ್ಸಾದವರೊಬ್ಬರಿಗೆ ನಾನು ಒಮ್ಮೆ ಇಂಥದ್ದೇ ಒಂದು ಆನೆ ತೋರಿಸಿದೆ. ಅವರು ಮೂಸಲೇ ಇಲ್ಲ. ಆನೆಯನ್ನು ಮಗುಚಿ, ಹೊಟ್ಟೆಯ ಅಡಿ ಯಾರಿಗೂ ಕಾಣದ ಜಾಗದಲ್ಲಿ ಚೂಪು ಉಳಿಯಿಂದ ಒಂದೆಳೆ ಕೆರೆದರು. ಆ ಪುಡಿಯನ್ನು ಅಂಗೈಯಲ್ಲಿ ಉಜ್ಜಿ, "ಈಗ ಮೂಸು ತಂಗೀ" ಅಂದರು. ಹೊರಗೆ ಘಮಘಮ, ಒಳಗೆ ಬರೀ ಸೌದೆ. ಯಾವುದೋ ಬಿಳಿ ಮರಕ್ಕೆ ಸೆಂಟು ಬಳಿದಿದ್ದರು. ನಿಜವಾದದ್ದರಲ್ಲಿ ಇದು ತಿರುವುಮುರುವು: ಹಳೆಯ ಮೂರ್ತಿಯ ಮೇಲ್ಮೈ ಸಪ್ಪೆಯಾಗಿರಬಹುದು, ಕೆರೆದ ಕೂಡಲೇ ಪರಿಮಳ ಏಳುತ್ತದೆ.

ಇಲ್ಲೊಂದು ತೊಡಕಿದೆ. ಗಂಧದ ಎಣ್ಣೆ ಇರುವುದು ಮರದ ಒಳಗಿನ ಚೇಗಿನಲ್ಲಿ, ಬೇರಿನಲ್ಲಿ ಇನ್ನೂ ಜಾಸ್ತಿ. ಹೊರಗಿನ ಬೆಳ್ಳಗಿನ ಭಾಗಕ್ಕೆ ಪರಿಮಳವಿಲ್ಲ. ಆದ್ದರಿಂದ ಆ ಭಾಗದಲ್ಲಿ ಕೆತ್ತಿದ ಆನೆ ಗಂಧದ ಮರದ್ದೇ ಆದರೂ ಪರೀಕ್ಷೆಯಲ್ಲಿ ಫೇಲ್! "ಅಸಲಿ ಗಂಧದ ಮರ" ಅಂತ ಅಂಗಡಿಯವನು ಆಣೆ ಇಟ್ಟರೆ ಸುಳ್ಳೇನಲ್ಲ, ಆದರೆ ಚೇಗಿನ ರೇಟು ಕೊಡಬೇಕಾಗಿಲ್ಲ. ಬಣ್ಣ ನೋಡಿ: ಚೇಗು ಹಳದಿ ಇಲ್ಲವೇ ಕಂದು. ಕೆರೆದಾಗ ಮೇಲೆ ಕಂದು, ಒಳಗೆ ಬಿಳಿ ಕಂಡರೆ ಬಣ್ಣ ಹಚ್ಚಿದ್ದಾರೆ ಅಂತಲೇ.

ಎಣ್ಣೆಗೆ ಉಳಿ ನಡೆಯುವುದಿಲ್ಲ. ಶೇ. 70ರ ಆಲ್ಕೋಹಾಲ್ ಐದು ಪಾಲಿಗೆ ಎಣ್ಣೆ ಒಂದು ಪಾಲು ಹಾಕಿ ಅಲ್ಲಾಡಿಸಿದರೆ ಶುದ್ಧ ಗಂಧದೆಣ್ಣೆ ತಿಳಿಯಾಗಿ ಬೆರೆಯುತ್ತದೆ. ಕೊಬ್ಬರಿ ಎಣ್ಣೆ, ಹರಳೆಣ್ಣೆ ಸೇರಿಸಿದ್ದರೆ ಕದಡುತ್ತದೆ. ಆದರೆ ಕಾರ್ಖಾನೆಯ ಸೆಂಟೂ ತಿಳಿಯಾಗಿಯೇ ಕರಗಬಹುದು. ಆ ಕಳ್ಳನನ್ನು ಹಿಡಿಯುವುದು ಗಂಧದೆಣ್ಣೆಯ ಮುಖ್ಯ ಅಂಶವಾದ ಸ್ಯಾಂಟಲಾಲ್ ಅಳೆಯುವ ಲ್ಯಾಬಿನ ಯಂತ್ರ ಮಾತ್ರ, ನಮ್ಮ ಮೂಗಲ್ಲ.

ಸೋಪಿನ ವಿಷಯದಲ್ಲಂತೂ ಕೆರೆದು ಪ್ರಯೋಜನವೇ ಇಲ್ಲ, ಒಳಗೂ ಹೊರಗೂ ಒಂದೇ ಪಾಕ. ಮೈಸೂರಿನಲ್ಲಿ 1916ರಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಗಿ, ಅದರ ಬೆನ್ನಿಗೇ ಗಂಧದ ಸೋಪೂ ಬಂತು. ಈಗ ಗಂಧದ ಕೊರಡಿನ ಚಿತ್ರ ಎಷ್ಟು ಸೋಪಿನ ಮೇಲಿದೆಯೋ! ಚಿತ್ರ ಬಿಡಿ, ಹಿಂದಿನ ಸಣ್ಣಕ್ಷರ ಓದಿ. ಗಂಧದ ಎಣ್ಣೆ ಅಂತ ಬಿಡಿಸಿ ಬರೆದಿದ್ದಾರಾ, ಇಲ್ಲಾ ಸುಮ್ನೆ "ಪರ್ಫ್ಯೂಮ್" ಅಂದಿದ್ದಾರಾ? ಬರೀ ಪರ್ಫ್ಯೂಮ್ ಅಂತಿದ್ದರೆ ಗಂಧದ ಲೆಕ್ಕದಲ್ಲಿ ದುಡ್ಡು ಕೊಡಬೇಡಿ. ಮೈ ತೊಳೆಯಲು ಅಡ್ಡಿಯಿಲ್ಲ.