ಮೂರು ಪುಟದ ರಾಜೀನಾಮೆಯಲ್ಲಿ ಷೇರು ಎಲ್ಲಿ?

ಇವತ್ತು ಬೆಳಿಗ್ಗೆ ಬೆಳಗಾವಿ ಉದ್ಯಮಬಾಗದ ಚಹಾದಂಗಡಿಯಲ್ಲಿ ತಲೆ ಕೆಟ್ಟಿತು. ಅದಕ್ಕೇ ಈ ಪೋಸ್ಟ್.

ನಮ್ಮ ಹುಡುಗನೊಬ್ಬ ಕುಂದಾ ಡಬ್ಬಿ ಹಿಡಿದು ಬಂದಿದ್ದ. ಫೌಂಡ್ರಿಗಳಲ್ಲಿ ಅಚ್ಚಿನ ಮರಳಿಗೆ ಎಷ್ಟು ತೇವ ಇದೆ ಅಂತ ಅಳೆಯುವ ಯಂತ್ರ ಮಾಡ್ತಾರೆ, ಇವನೂ ಇವನ ಗೆಳೆಯನೂ. ಪ್ರೈವೇಟ್ ಲಿಮಿಟೆಡ್, ಇಬ್ಬರೇ ಡೈರೆಕ್ಟರ್, ಇಬ್ಬರೇ ಷೇರುದಾರರು. “ಅಣ್ಣಾ, ಬಿಟ್ಟ ಬಿಟ್ಟೇನಿ. ಲೆಟರ್ ಕೊಟ್ಟೀನಿ, ಮುಗೀತಲ್ಲ?” ಅಂದ.

ಲೆಟರ್ ಓದಿದೆ. ಮೂರು ಪುಟ. ಅಮ್ಮನಿಗೆ ಥ್ಯಾಂಕ್ಸ್, ಗುರುಗಳಿಗೆ ಥ್ಯಾಂಕ್ಸ್. ಕೊನೆಗೆ “ಇಂದಿನಿಂದ ಎಲ್ಲ ಜವಾಬ್ದಾರಿಗಳಿಂದ ಮುಕ್ತನಾಗಿದ್ದೇನೆ.” ಷೇರು ಅನ್ನೋ ಪದ ಎಲ್ಲೂ ಇಲ್ಲ!

ಅವನ ಹೆಸರಲ್ಲಿ 4,000 ಷೇರು ಇವೆ, ಗೆಳೆಯನ ಹೆಸರಲ್ಲಿ 6,000. ಡೈರೆಕ್ಟರ್ ಕುರ್ಚಿ ಬೇರೆ, ಷೇರು ಬೇರೆ ಕಣ್ರೀ. ಕುರ್ಚಿ ಬಿಡೋದು ಸುಲಭ. ಲಿಖಿತ ನೋಟಿಸ್ ಕಂಪನಿಗೆ ತಲುಪಿದ ದಿನ ಅಥವಾ ನೋಟಿಸಿನಲ್ಲಿ ಬರೆದ ದಿನ, ಯಾವುದು ಕೊನೆಗೆ ಬರುತ್ತೋ ಆ ದಿನದಿಂದ ರಾಜೀನಾಮೆ ಜಾರಿ. “ಅವ ಒಪ್ಪಿಲ್ಲ” ಅನ್ನೋ ಮಾತಿಗೆ ಅಲ್ಲಿ ಬೆಲೆ ಇಲ್ಲ. ಅದನ್ನು ತಿಳಿಸೋಕೆ 30 ದಿನದೊಳಗೆ ಕಂಪನಿ ರಿಜಿಸ್ಟ್ರಾರ್ ಹತ್ರ DIR-12 ಫಾರ್ಮ್ ಹಾಕಬೇಕು. ಹಾಕದಿದ್ದರೆ ಅಂತ ಭಯವಿದ್ದರೆ ಇವನೇ DIR-11 ಹಾಕಬಹುದು. ಆದರೆ ಪ್ರೈವೇಟ್ ಕಂಪನಿಗೆ ಕನಿಷ್ಠ ಇಬ್ಬರು ಡೈರೆಕ್ಟರ್ ಬೇಕು. ಗೆಳೆಯ ಇನ್ನೊಬ್ಬರನ್ನು ಹುಡುಕಿದ್ದಾನಾ? ಇವನಿಗೆ ಗೊತ್ತೇ ಇಲ್ಲ.

ಷೇರಿನ ಕಥೆ ಹಾಗಲ್ಲ. ಅದು ಪತ್ರದಿಂದ ಅಲುಗಾಡೋದೇ ಇಲ್ಲ. ಶುರುವಿನಲ್ಲಿ ಮಾಡಿಕೊಂಡ ಅಗ್ರಿಮೆಂಟ್ ತೆಗೆಸಿ ನೋಡಿದೆ. ನಾಲ್ಕು ವರ್ಷದ ವೆಸ್ಟಿಂಗ್ ಇದೆ, ಅಂದರೆ ದುಡಿದ ತಿಂಗಳಿಗೆ ತಕ್ಕಷ್ಟು ಷೇರು ಮಾತ್ರ ಅವನದು. 48 ತಿಂಗಳಲ್ಲಿ ಇವನು ದುಡಿದದ್ದು 30. ಹಾಗಾಗಿ 2,500 ಉಳೀತದೆ, 1,500 ಷೇರನ್ನು ಹತ್ತು ರೂಪಾಯಿ ಮುಖಬೆಲೆಗೆ ಗೆಳೆಯನಿಗೆ ಕೊಡಬೇಕು. ಒಟ್ಟು 15,000 ರೂಪಾಯಿ. ಇವರದು ಸಣ್ಣ ಕಂಪನಿ, ಷೇರು ಇನ್ನೂ ಕಾಗದದಲ್ಲೇ ಇದೆ. ಅದಕ್ಕೆ SH-4 ಫಾರ್ಮ್ ತುಂಬಿ, ಇಬ್ಬರೂ ಸಹಿ ಮಾಡಿ, ಷೇರು ಸರ್ಟಿಫಿಕೇಟ್ ಜೊತೆ 60 ದಿನದೊಳಗೆ ಕಂಪನಿಗೆ ತಲುಪಿಸಬೇಕು. ಬೋರ್ಡ್ ಒಪ್ಪಿ ಸದಸ್ಯರ ರಿಜಿಸ್ಟರ್‌ನಲ್ಲಿ ಬರೆದ ಮೇಲೆಯೇ ಕಂಪನಿಯ ಲೆಕ್ಕದಲ್ಲಿ ಷೇರು ಕೈ ಬದಲಾಗೋದು. ಸ್ಟ್ಯಾಂಪ್ ಡ್ಯೂಟಿ ಬೆಲೆಯ 0.015 ಪರ್ಸೆಂಟ್. ಲೆಕ್ಕ ಹಾಕಿ, ಎರಡೂಕಾಲು ರೂಪಾಯಿ! ನಾವು ಕುಡಿದ ಚಹಾಕ್ಕಿಂತ ಕಡಿಮೆ. (ಷೇರಿನ ನಿಜ ಬೆಲೆ ಹತ್ತಕ್ಕಿಂತ ಜಾಸ್ತಿ ಇದ್ದರೆ ಆ ವ್ಯತ್ಯಾಸದ ಬಗ್ಗೆ ಆದಾಯ ತೆರಿಗೆಯವರು ಕೇಳಬಹುದು. ಸಿಎ ಹತ್ರ ಬೆಲೆ ಕಟ್ಟಿಸದೆ ಸಹಿ ಹಾಕಬೇಡ ಅಂದೆ.)

“ನಾವಿಬ್ರೂ ದೋಸ್ತರು, ಇಷ್ಟೆಲ್ಲ ಯಾಕ?” ಅಂತ ಕೇಳಿದ. ಸರಿ, ದೋಸ್ತಿ ಇರಲಿ. ನಾಳೆ ಹೊಸ ಹೂಡಿಕೆದಾರ ಬಂದು ರಿಜಿಸ್ಟರ್ ತೆಗೆದು ನೋಡಿದಾಗ, ಬಿಟ್ಟುಹೋದವನ ಹೆಸರಲ್ಲೇ ನೂರಕ್ಕೆ ನಲವತ್ತು ಪಾಲು ಕಂಡರೆ ದೋಸ್ತಿ ಅಲ್ಲೇ ಮುರಿಯುತ್ತದೆ.

ನಾನು ಯಾಕೆ ಇಷ್ಟು ಉರಿದು ಬೀಳ್ತೀನಿ ಅಂತ ಹಳಬರಿಗೆ ಗೊತ್ತು. ಹೊಸಬರಿಗೆ ಹೇಳ್ತೀನಿ, ನಾಚಿಕೆ ಬಿಟ್ಟು. ನಾನೂ ಹೀಗೇ ಒಂದು ಕಂಪನಿ ಬಿಟ್ಟವನು. ವಾಟ್ಸಾಪ್‌ನಲ್ಲಿ ನಾಲ್ಕು ಸಾಲು ಹಾಕಿ ಎದ್ದುಬಂದೆ. ಹದಿನಾಲ್ಕು ತಿಂಗಳ ಮೇಲೆ ಬ್ಯಾಂಕಿನಿಂದ ಫೋನ್. ಓವರ್‌ಡ್ರಾಫ್ಟ್ ಬಾಕಿ, ವೈಯಕ್ತಿಕ ಗ್ಯಾರಂಟಿಗೆ ನನ್ನ ಸಹಿ. ಕಂಪನಿಗೆ ಕೊಟ್ಟ ಪತ್ರ ಬ್ಯಾಂಕಿಗೆ ಹೇಗೆ ಗೊತ್ತಾಗಬೇಕು? ಬ್ಯಾಂಕಿಗೆ ಬರೆದರೂ ಮುಂದಿನ ಸಾಲಕ್ಕೆ ಮಾತ್ರ ಗ್ಯಾರಂಟಿ ನಿಲ್ಲಿಸಬಹುದು. ಈಗಾಗಲೇ ಆಗಿರುವ ಬಾಕಿಗೆ ಬ್ಯಾಂಕೇ ಲಿಖಿತವಾಗಿ ಬಿಡುಗಡೆ ಕೊಡಬೇಕು. ಆ ರಾತ್ರಿ ಹೆಂಡತಿಗೆ ಹೇಳೋಕೆ ಬಾಯಿ ಬರಲಿಲ್ಲ.

ಈ ಹುಡುಗನನ್ನೂ ಕೇಳಿದೆ. “ಹಾಂ ಅಣ್ಣಾ, ಒಂದು ಕಡೆ ಸಹಿ ಮಾಡೀನಿ” ಅಂದ. ಒಂದು ಕಡೆಯಂತೆ! ಹನ್ನೆರಡು ಲಕ್ಷದ ಓವರ್‌ಡ್ರಾಫ್ಟ್.

ಎರಡು ವರ್ಷ ಫೌಂಡ್ರಿ ಕಡೆ ಕಾಲಿಡಬಾರದು ಅಂತ ಗೆಳೆಯ ಬರೆಸಿಕೊಳ್ಳಲು ನೋಡ್ತಿದ್ದಾನಂತೆ. ಬಿಟ್ಟುಹೋದ ಮೇಲೆ ಬೇರೆ ದಂಧೆ ಮಾಡಬೇಡ ಅನ್ನೋ ಷರತ್ತು ನಮ್ಮ ಒಪ್ಪಂದ ಕಾಯ್ದೆಯ 27ನೇ ಸೆಕ್ಷನ್ ಮುಂದೆ ಸಾಮಾನ್ಯವಾಗಿ ನಿಲ್ಲಲ್ಲ. ವ್ಯಾಪಾರದ ಗುಡ್‌ವಿಲ್ ಮಾರಿದಾಗ ಮಾತ್ರ ಬೇರೆ ಮಾತು. ಆದರೆ ಗ್ರಾಹಕರ ಪಟ್ಟಿ, ಸರ್ಕಿಟ್ ಡಿಸೈನ್, ಕೋಡ್ ಗುಟ್ಟಾಗಿಡುವ ಮಾತು ನಿಲ್ಲುತ್ತದೆ. ಅಡ್ಮಿನ್ ಪಾಸ್‌ವರ್ಡ್ ಇನ್ನೂ ಇವನ ಫೋನಿನಲ್ಲೇ ಇದೆ.

ಚಹಾ ಆರುವಷ್ಟರಲ್ಲಿ ಆ ಮೂರು ಪುಟದ ಹಿಂದೆಯೇ ಹೊಸದು ಬರೆದೆವು. ರಾಜೀನಾಮೆಯ ದಿನ, 1,500 ಷೇರು ಯಾರಿಗೆ, ಯಾವ ದಿನದೊಳಗೆ, 2,500 ಇವನಲ್ಲೇ ಉಳಿಯೋದು, ಗ್ಯಾರಂಟಿ ಬಿಡಿಸುವ ಹೊಣೆ ಯಾರದು, ಏನೇನು ಒಪ್ಪಿಸಿದೆ ಅಂತ. ನಾಳೆ ಬ್ಯಾಂಕಿಗೆ ಹೋಗ್ತಾನೆ. ಹಳೆಯದರಲ್ಲಿ ಅಮ್ಮನ ಬಗ್ಗೆ ಬರೆದ ಪ್ಯಾರಾ ಮಾತ್ರ ಹಾಗೇ ಬಿಟ್ಟೆವು. ಅದು ಚೆನ್ನಾಗಿತ್ತು.